ಒಬ್ಬರ ಮಾತು ತೆಗೆದರೂ ಉಳಿದವರ ಸಮಯ ತಪ್ಪದಂತೆ



ನಮ್ಮ ಮಹಿಳಾ ವೇದಿಕೆಯ ಹಿರಿಯರ ಮಾತುಕತೆಗಳನ್ನು ವಿಡಿಯೊ ಮಾಡಿ, ಕೆಳಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಿವಿ ಸ್ವಲ್ಪ ಮಂದವಾದವರಿಗೆ ಅದರಿಂದ ಅನುಕೂಲ. ಪುಣೆಯಲ್ಲೇ ಬೆಳೆದು, ಕನ್ನಡ ಕೇಳಿ ಗೊತ್ತಿದ್ದರೂ ಓದಲು ತಡವರಿಸುವ ನಮ್ಮ ಮಕ್ಕಳಿಗೂ ಅನುಕೂಲ.

ಅಂಥದ್ದೊಂದು ಮಾತುಕತೆಯಲ್ಲಿ ಮೂವರಿದ್ದರು: ನಿರೂಪಕಿ ಮತ್ತು ಇಬ್ಬರು ಹಿರಿಯರು. ಎಲ್ಲ ತಯಾರಾದ ಮೇಲೆ ಅವರಲ್ಲೊಬ್ಬರು ಫೋನ್ ಮಾಡಿದರು. ನಾನು ಅವರನ್ನು ಕಾಕು ಎಂದೇ ಕರೆಯುವುದು. ಮನೆಯ ಒಳಗಿನ ವಿಚಾರವೊಂದು ಮಾತಿನ ಭರದಲ್ಲಿ ಹೊರಗೆ ಬಂದಿತ್ತು. "ನನ್ನ ಮಾತಷ್ಟ ತಗದ್ ಬಿಡವಾ, ಆದ್ರ ಉಳದವರದ್ದು ಕೆಡಬಾರದು ನೋಡು" ಎಂದರು. ಆ ಕೆಲಸ ಹೇಗೆ ಮಾಡುವುದು ಎಂಬುದೇ ಇವತ್ತಿನ ನನ್ನ ಮಾತು.

ನಮ್ಮಲ್ಲಿ ಅನೇಕರಿಗೆ ಇರುವ ಭಯ ಏನೆಂದರೆ, ನಡುವಿನ ಸಾಲು ಅಳಿಸಿದರೆ ಕೆಳಗಿನದ್ದೆಲ್ಲ ಮೇಲೆ ಸರಿದು ಮಾತಿಗೂ ಬರಹಕ್ಕೂ ತಾಳೆಯೇ ಇಲ್ಲದಂತಾಗುತ್ತದೆ ಎಂದು. ಹಾಗೆ ಆಗುವುದಿಲ್ಲ. ಸಬ್‌ಟೈಟಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗೆ ಇರುವುದು ಇಷ್ಟೇ. ಮಾತುಗಳು ಮಾತ್ರ ಉದಾಹರಣೆಗೆ ನಾನೇ ಕಟ್ಟಿದವು, ಕಾಕು ಅವರದ್ದಲ್ಲ.

```
41
00:06:12,300 --> 00:06:15,100
ಮದುವೆ ಆದ ಮೇಲೆ ಪುಣೆಗೆ ಬಂದಿರಾ?

42
00:06:15,400 --> 00:06:19,000
ಹೌದು, ಊರಾಗಿನ ಮನಿ ಮಾರಿ ಬಂದ್ವಿ.

43
00:06:19,200 --> 00:06:22,800
- ಇಲ್ಲಿ ಮೊದಲು ಎಲ್ಲಿದ್ದಿರಿ?
- ಬಾಡಿಗಿ ಮನ್ಯಾಗ.

44
00:06:23,100 --> 00:06:26,000
ಊರಿನ ಮನೆ ಮಾರಿದ್ದಕ್ಕೆ ಬೇಸರ ಆಗಲಿಲ್ಲವೇ?
```

ಪ್ರತಿ ತುಣುಕಿಗೆ ಒಂದು ಕ್ರಮಸಂಖ್ಯೆ, ಅದರ ಕೆಳಗೆ ಯಾವಾಗ ಕಾಣಿಸಿಕೊಳ್ಳಬೇಕು ಮತ್ತು ಯಾವಾಗ ಮರೆಯಾಗಬೇಕು ಎಂಬ ಸಮಯ, ಆಮೇಲೆ ಮಾತು, ಕೊನೆಗೆ ಒಂದು ಖಾಲಿ ಸಾಲು. ಸಮಯವನ್ನು ಗಂಟೆ, ನಿಮಿಷ, ಸೆಕೆಂಡು, ಅಲ್ಪವಿರಾಮದ ನಂತರ ಸೆಕೆಂಡಿನ ಸಾವಿರದ ಒಂದು ಭಾಗ ಎಂದು ಓದಬೇಕು. ಇಲ್ಲಿ ಗಮನಿಸಬೇಕಾದದ್ದು, ಆ ಸಮಯವನ್ನು ಹಿಂದಿನ ತುಣುಕಿನಿಂದ ಎಣಿಸುವುದಲ್ಲ, ವಿಡಿಯೊ ಶುರುವಾದ ಕ್ಷಣದಿಂದ ಎಣಿಸುವುದು. ರೈಲಿನ ವೇಳಾಪಟ್ಟಿಯಂತೆ. 8.10ರ ಲೋಕಲ್ ರದ್ದಾಯಿತು ಎಂದು 8.22ರದ್ದು ಬೇಗ ಬರುವುದಿಲ್ಲವಲ್ಲ. ಹಾಗಾಗಿ 42ನೇ ತುಣುಕನ್ನು ಸಂಖ್ಯೆ, ಸಮಯ, ಮಾತು, ಖಾಲಿ ಸಾಲು ಸಮೇತ ಪೂರ್ತಿ ತೆಗೆದರೆ ಆ 3.6 ಸೆಕೆಂಡು ಪರದೆ ಬರಿದಾಗಿರುತ್ತದೆ, ಅಷ್ಟೇ. 43 ತನ್ನ ಹೊತ್ತಿಗೇ ಬರುತ್ತದೆ. ಉಳಿದವರ ಸಮಯವನ್ನು ಮುಟ್ಟಲೇಬಾರದು. ಖಾಲಿ ಜಾಗ ತುಂಬಿಸೋಣ ಎಂದು ಸಮಯ ಸರಿಸಲು ಹೋದವರೇ ತಾಳ ತಪ್ಪಿಸುವುದು.

ಖಾಲಿ ಸಾಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎರಡು ತುಣುಕುಗಳ ನಡುವಿನ ಖಾಲಿ ಸಾಲು ಅಳಿಸಿಹೋದರೆ, ಪ್ಲೇಯರ್‌ಗೆ ಎರಡೂ ಒಂದೇ ಎಂದು ಕಂಡು, ಎರಡನೆಯದರ ಸಂಖ್ಯೆ, ಸಮಯಗಳೇ ಪರದೆಯ ಮೇಲೆ ಮಾತಿನಂತೆ ಬರಬಹುದು. ಹಾಗೆ ಕಂಡರೆ ಕಾರಣ ಹುಡುಕುತ್ತಾ ಕೂರುವುದು ಬೇಡ, ಅಲ್ಲೇ ಖಾಲಿ ಸಾಲು ಸೇರಿಸಿದರೆ ಸಾಕು. ಕೈಯಿಂದ ಅಳಿಸಲು ಬೇಸರವಾದರೆ Subtitle Edit ಎಂಬ ಉಚಿತ ತಂತ್ರಾಂಶವಿದೆ. ಪಟ್ಟಿಯಲ್ಲಿ ಸಾಲು ಆರಿಸಿ ಅಳಿಸಿದರೆ ಕ್ರಮಸಂಖ್ಯೆಯನ್ನೂ ಅದೇ ಸರಿಮಾಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ಮಾಡುವವರು ಉಳಿಸುವಾಗ UTF-8 ಆರಿಸಿ. ಇಲ್ಲವಾದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಸಿಗುತ್ತದೆ.

ನಿಜವಾದ ಕಷ್ಟ ಇರುವುದು ಯಾವ ಮಾತು ಯಾರದು ಎನ್ನುವಲ್ಲಿ. ಈ ಬಗೆಯ ಫೈಲಿನಲ್ಲಿ ಮಾತಾಡಿದವರ ಹೆಸರಿಗೆ ಬೇರೆ ಜಾಗವೇ ಇಲ್ಲ. ಕಾಕು ಹೆಸರು ಹುಡುಕಿದರೆ ಸಿಗುವುದು ಬೇರೆಯವರು ಅವರನ್ನು ಹೆಸರು ಹಿಡಿದು ಕರೆದ ಸಾಲುಗಳು. ತಮ್ಮ ಮಾತಿನಲ್ಲಿ ತಮ್ಮ ಹೆಸರನ್ನು ತಾವೇ ಯಾರು ಹೇಳಿಕೊಳ್ಳುತ್ತಾರೆ? ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೇಳುತ್ತಾ, ಕಾಕು ಅವರ ಒಂದೊಂದು ಸಾಲಿನ ಮುಂದೆ ನಕ್ಷತ್ರದ ಗುರುತು ಹಾಕುತ್ತಾ ಹೋದೆ. ಗುರುತು ಹಾಕಿ ಮುಗಿಯುವವರೆಗೆ ಏನನ್ನೂ ಅಳಿಸಲಿಲ್ಲ. ಒಟ್ಟು 212 ತುಣುಕುಗಳಲ್ಲಿ 37 ಪೂರ್ತಿ ಅವರವೇ. ಇನ್ನು 6, ಮೇಲಿನ 43ರಂತೆ, ಇಬ್ಬರಿಗೆ ಸೇರಿದವು.

ಇಂಥ ಜೋಡಿ ತುಣುಕಿನಲ್ಲಿ ಎರಡನೆಯ ಸಾಲು ಅಳಿಸಿದರೆ ಕೆಲಸ ಅರ್ಧವಾದಂತೆ. ಪ್ರಶ್ನೆ ಮುಗಿದದ್ದು 6 ನಿಮಿಷ 20.8 ಸೆಕೆಂಡಿಗೆ, ತುಣುಕು ಮರೆಯಾಗುವುದು 22.8ಕ್ಕೆ. ಹಾಗೇ ಬಿಟ್ಟರೆ ಕಾಕು ಉತ್ತರ ಕೊಡುತ್ತಿರುವ ಎರಡು ಸೆಕೆಂಡೂ ನಿರೂಪಕಿಯ ಪ್ರಶ್ನೆ ಕೆಳಗೆ ಕೂತಿರುತ್ತದೆ. ಆದ್ದರಿಂದ ಕೊನೆಯ ಸಮಯವನ್ನು ಮಾತ್ರ ಹಿಂದಕ್ಕೆ ತಂದೆ, ಶುರುವಿನ ಸಮಯ ಹಾಗೆಯೇ ಉಳಿಯಿತು. ಒಬ್ಬರೇ ಉಳಿದ ಮೇಲೆ ಮುಂದಿನ ಅಡ್ಡಗೆರೆಯೂ ಬೇಡ.

```
42
00:06:19,200 --> 00:06:20,800
ಇಲ್ಲಿ ಮೊದಲು ಎಲ್ಲಿದ್ದಿರಿ?
```

ಈಗ 44ನ್ನು ನೋಡಿ. ಅದು ಕಾಕು ಅವರ ಮಾತಲ್ಲ, ನಿರೂಪಕಿಯದು. ಆದರೆ ಅವರು ಮುಚ್ಚಿಡಬೇಕೆಂದ ವಿಷಯ ಪೂರ್ತಿ ಅದರಲ್ಲೇ ಇದೆ! ಒಬ್ಬರ ಸಾಲುಗಳನ್ನು ಅಳಿಸಿದೆವು ಎಂದು ಕೈ ತೊಳೆದುಕೊಂಡರೆ ಇಂಥವು ಉಳಿದುಬಿಡುತ್ತವೆ. ನನ್ನ ಫೈಲಿನಲ್ಲಿ ಹೀಗೆ ಎರಡು ಕಡೆ ಇತ್ತು. ಇನ್ನೊಬ್ಬರ ಮಾತು ತೆಗೆಯುವ ಹಕ್ಕು ನನ್ನದಲ್ಲ ಎಂದು ನಿರೂಪಕಿಯನ್ನೇ ಕೇಳಿದೆ, ಅವರು ಒಪ್ಪಿದರು. ಅಲ್ಲಿಗೆ 212ರಲ್ಲಿ 39 ಹೋಗಿ 173 ಉಳಿಯಬೇಕು. ಎಣಿಸಿದೆ, ಅಷ್ಟೇ ಇತ್ತು. ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಹಳೆಯ ಮತ್ತು ಹೊಸ ಫೈಲುಗಳ ಕೊನೆಯ ತುಣುಕು ಒಂದೇ ಆಗಿದ್ದರೆ ಅದರ ಸಮಯವೂ ಎರಡರಲ್ಲೂ ಅಕ್ಷರಶಃ ಒಂದೇ ಇರಬೇಕು. ಬೇರೆಯಾಗಿದ್ದರೆ ನಡುವೆ ಎಲ್ಲೋ ಸಮಯ ಸರಿದಿದೆ ಎಂದೇ ಅರ್ಥ.

ಇಷ್ಟಾದರೂ ದನಿ ಉಳಿದೇ ಇತ್ತು. ವಿಡಿಯೊದಿಂದ ಆ ಭಾಗಗಳನ್ನೇ ಕತ್ತರಿಸಬಾರದೇ ಎಂದು ನೀವು ಕೇಳಬಹುದು. ಕತ್ತರಿಸಬಹುದು, ಆದರೆ ಆಗ ರೈಲ್ವೆ ಗಡಿಯಾರವನ್ನೇ ತಿರುಗಿಸಿದಂತೆ. 3.6 ಸೆಕೆಂಡು ಕತ್ತರಿಸಿದರೆ ಮುಂದಿನ ಪ್ರತಿ ತುಣುಕೂ ಅಷ್ಟು ಮುಂಚೆ ಬರಬೇಕು. ಎರಡನೆಯ ಕತ್ತರಿಯ ನಂತರ ಎರಡೂ ಸೇರಿಸಿ ಕಳೆಯಬೇಕು. ನಲವತ್ತಕ್ಕೂ ಹೆಚ್ಚು ಕಡೆ ಆ ಲೆಕ್ಕ ಯಾರಿಗೆ ಬೇಕು? ನಾನು ದನಿಯನ್ನು ಮಾತ್ರ ಅಡಗಿಸಿದೆ. ವಿಡಿಯೊದ ಉದ್ದ ಬದಲಾಗದ್ದರಿಂದ ಸಬ್‌ಟೈಟಲ್ ಸಮಯವೂ ಬದಲಾಗಲಿಲ್ಲ. ಎಲ್ಲೆಲ್ಲಿ ಅಡಗಿಸಬೇಕು ಎಂಬ ಪಟ್ಟಿ ಅಳಿಸಿದ ತುಣುಕುಗಳಲ್ಲೇ ಇತ್ತು. 6 ನಿಮಿಷ 15.4 ಸೆಕೆಂಡು ಎಂದರೆ 375.4 ಸೆಕೆಂಡು. ಮಾತು ಸಬ್‌ಟೈಟಲ್‌ಗಿಂತ ಚೂರು ಮೊದಲೇ ಶುರುವಾಗಿರುವುದುಂಟು, ಅದಕ್ಕೆ ಎರಡೂ ಬದಿ ಸ್ವಲ್ಪ ಬಿಟ್ಟೆ.

```
ffmpeg -i in.mp4 -af "volume=enable='between(t,375.2,379.1)+between(t,380.8,382.9)':volume=0" -c:v copy out.mp4
```

ಇದು ಎರಡು ಜಾಗಗಳಿಗೆ ಮಾತ್ರ. ಉಳಿದವನ್ನು ಕೂಡಿಸುವ ಚಿಹ್ನೆ ಹಾಕಿ ಹೀಗೇ ಸೇರಿಸುತ್ತಾ ಹೋಗಬೇಕು. ಇಬ್ಬರೂ ಒಟ್ಟಿಗೆ ಮಾತಾಡಿದ, ನಕ್ಕ ಕಡೆ ಇನ್ನೊಬ್ಬರ ದನಿಯೂ ಹೋಗುತ್ತದೆ, ಅದಕ್ಕೆ ಈ ದಾರಿಯಲ್ಲಿ ಪರಿಹಾರವಿಲ್ಲ. ನಮ್ಮ ವಿಡಿಯೊದಲ್ಲಿ ಅಂಥ ಒಂದು ಕಡೆ ಎರಡನೆಯ ಹಿರಿಯರ ಅರ್ಧ ವಾಕ್ಯ ಹೋಯಿತು. ಅವರ ಸಬ್‌ಟೈಟಲ್ ಉಳಿದದ್ದರಿಂದ ಓದಿ ತಿಳಿಯಬಹುದು.

ಸಬ್‌ಟೈಟಲ್ ಬೇರೆ ಫೈಲಾಗಿದ್ದರೆ ಮಾತ್ರ ಇದೆಲ್ಲ ಸಾಧ್ಯ. ಚಿತ್ರದೊಳಗೇ ಅಚ್ಚಾಗಿದ್ದರೆ ಫೈಲು ತಿದ್ದಿ ಪ್ರಯೋಜನವಿಲ್ಲ, ವಿಡಿಯೊವನ್ನೇ ಮತ್ತೆ ತಯಾರಿಸಬೇಕು. ನಮ್ಮ ಹಳೆಯ ಪ್ರತಿ ಸಮಿತಿಯ ನಾಲ್ವರ ಫೋನಿನಲ್ಲಿತ್ತು. ಒಬ್ಬೊಬ್ಬರಿಗೂ ಕರೆ ಮಾಡಿ ಅಳಿಸಲು ಹೇಳಿ, ಆಮೇಲೆ ಹೊಸದನ್ನು ಮೊದಲು ಕಾಕು ಅವರಿಗೇ ಕಳುಹಿಸಿದೆ.