ಹಡಗಿನಲ್ಲಿ ಬಂದ ಬಾಟಲಿ: ಕೇಂದ್ರದ್ದೋ, ರಾಜ್ಯದ್ದೋ?

(ಮಹಿಳಾ ವೇದಿಕೆಯ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ವಕೀಲೆಯಲ್ಲ. ಸಂವಿಧಾನವನ್ನು ಆಸಕ್ತಿಯಿಂದ ಓದಿಕೊಂಡವಳು, ಅಷ್ಟೆ. ಅದಕ್ಕೇ ಇಂದು ದೊಡ್ಡ ದೊಡ್ಡ ಮಾತು ಬಿಟ್ಟು ಒಂದೇ ಒಂದು ಮೊಕದ್ದಮೆಯ ಕಥೆ ಹೇಳುತ್ತೇನೆ. ಅದು ನಡೆದದ್ದು ಮುಂಬೈಯಲ್ಲಿ, ಮದ್ಯದ ಬಾಟಲಿಯ ಸುತ್ತ.

ಮೊದಲು ಒಂದು ಪ್ರಶ್ನೆ. ನಮ್ಮ ಹೆಣ್ಣುಮಕ್ಕಳು ಮದ್ಯ ನಿಲ್ಲಿಸಿ ಎಂದು ಬೀದಿಗಿಳಿದಾಗ ಮನವಿ ಕೊಡುವುದು ಮುಖ್ಯಮಂತ್ರಿಗೆ, ಪ್ರಧಾನಮಂತ್ರಿಗಲ್ಲ. 2007ರಲ್ಲಿ ಸಾರಾಯಿ ನಿಷೇಧಿಸಿದ್ದು ಕರ್ನಾಟಕ ಸರ್ಕಾರ. 2016ರಲ್ಲಿ ಪಾನನಿಷೇಧ ತಂದದ್ದು ಬಿಹಾರ ಸರ್ಕಾರ. ಏಕೆ ಹೀಗೆ?

ಉತ್ತರ ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ಅಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆ, ವಿದೇಶ ವ್ಯವಹಾರದಂಥ ವಿಷಯಗಳು ಕೇಂದ್ರ ಪಟ್ಟಿಯಲ್ಲಿವೆ. ಪೊಲೀಸು, ಸಾರ್ವಜನಿಕ ಆರೋಗ್ಯ, ಭೂಮಿಯಂಥವು ರಾಜ್ಯ ಪಟ್ಟಿಯಲ್ಲಿವೆ. ಮದುವೆ, ವಿಚ್ಛೇದನ, ಕರಾರುಗಳಂಥವು ಸಮವರ್ತಿ ಪಟ್ಟಿಯಲ್ಲಿವೆ. ಅವುಗಳ ಮೇಲೆ ಇಬ್ಬರೂ ಕಾನೂನು ಮಾಡಬಹುದು. ಯಾರಿಗೆ ಯಾವ ಪಟ್ಟಿ ಎಂದು ಹೇಳುವುದು 246ನೇ ವಿಧಿ. ಮಾದಕ ಮದ್ಯದ ತಯಾರಿಕೆ, ಇಟ್ಟುಕೊಳ್ಳುವುದು, ಸಾಗಣೆ, ಖರೀದಿ, ಮಾರಾಟ ಇವೆಲ್ಲ ರಾಜ್ಯ ಪಟ್ಟಿಯ 8ನೇ ನಮೂದು. ಮದ್ಯ ನಿಲ್ಲಿಸಿ ಎಂದು ಕೇಳುವವರು ವಿಧಾನಸೌಧದ ಬಾಗಿಲು ತಟ್ಟುವುದು ಇದೇ ಕಾರಣಕ್ಕೆ.

ಇಲ್ಲಿಯವರೆಗೆ ಎಲ್ಲ ಸರಳ. ತೊಡಕು ಶುರುವಾಗುವುದು ಮದ್ಯದ ಬಾಟಲಿ ಹಡಗಿನಲ್ಲಿ ಬಂದಾಗ. ವಿದೇಶದಿಂದ ಆಮದು, ಕಸ್ಟಮ್ಸ್ ಗಡಿ, ಇವು ಕೇಂದ್ರದ ವಿಷಯ. ಬಂದರಿನಲ್ಲಿ ಇಳಿದ ವಿಸ್ಕಿ ಬಾಟಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ರಾಜ್ಯ ಹೇಳಿದರೆ, ಅದು ಮದ್ಯದ ಕಾನೂನೋ ಆಮದಿನ ಕಾನೂನೋ? ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂದಾದ ಮೇಲೆ ತರಿಸುವವರಾದರೂ ಯಾರು?

ಇಂಥ ಜಗಳ ಬಿಡಿಸಲು ನ್ಯಾಯಾಲಯಗಳು ಬಳಸುವ ಅಳತೆಗೋಲಿಗೆ ‘ಪಿತ್ ಅಂಡ್ ಸಬ್‌ಸ್ಟೆನ್ಸ್’ ಸಿದ್ಧಾಂತ ಎಂದು ಹೆಸರು. ತಿರುಳು ಮತ್ತು ಸಾರ ಎನ್ನೋಣ. ಒಂದು ಕಾನೂನು ಏನೇನನ್ನು ತಾಗುತ್ತದೆ ಎನ್ನುವುದಕ್ಕಿಂತ ಅದರ ತಿರುಳು ಏನು ಎಂದು ನೋಡಬೇಕು. ತಿರುಳು ನಮ್ಮ ಪಟ್ಟಿಯಲ್ಲಿದ್ದರೆ, ಅಂಚು ಪಕ್ಕದವರ ಪಟ್ಟಿಗೆ ಸ್ವಲ್ಪ ಚಾಚಿದರೂ ಕಾನೂನು ನಿಲ್ಲುತ್ತದೆ.

ಈ ಮಾತು ನಮಗೆ ಬಂದದ್ದು ಕೆನಡಾದ ಮೊಕದ್ದಮೆಗಳಿಂದ. ಅಲ್ಲಿಯೂ ಕೇಂದ್ರ ಮತ್ತು ಪ್ರಾಂತಗಳ ನಡುವೆ ಅಧಿಕಾರ ಹಂಚಿಕೆಯಿದೆ. ಆಗ ಕೊನೆಯ ತೀರ್ಪು ಕೊಡುತ್ತಿದ್ದದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕಲ್ಲಿದ್ದಲು ಗಣಿ ಕಾಯ್ದೆಯಲ್ಲಿ, ಚೀನೀಯರನ್ನು ನೆಲದಡಿಯ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ನಿಯಮವಿತ್ತು. ಗಣಿಗಳ ವಿಷಯ ನಮ್ಮದೇ ಎಂದಿತು ಪ್ರಾಂತ. 1899ರಲ್ಲಿ ಪ್ರಿವಿ ಕೌನ್ಸಿಲ್ ಆ ನಿಯಮವನ್ನು ರದ್ದುಮಾಡಿತು. ಕಾಯ್ದೆಯ ಹೆಸರಿನಲ್ಲಿ ಗಣಿ ಇದ್ದರೂ ನಿಯಮದ ಪೆಟ್ಟು ಬೀಳುತ್ತಿದ್ದದ್ದು ಒಂದು ಜನಾಂಗದ ಮೇಲೆ. ಅದರ ತಿರುಳು ಪರದೇಶೀಯರ ಹಕ್ಕುಬಾಧ್ಯತೆ. ಅದು ಕೇಂದ್ರದ ವಿಷಯ. ಹೆಸರುಪಟ್ಟಿ ನೋಡಿ ಮೋಸಹೋಗಬಾರದು ಎನ್ನುವುದು ಅಲ್ಲಿಂದ ಕಲಿತ ಪಾಠ.

ಈಗ ನಮ್ಮ ಮುಂಬೈಗೆ ಬರೋಣ. ಆಗಿನ ಬಾಂಬೆ ಪ್ರಾಂತ 1949ರಲ್ಲಿ ಪಾನನಿಷೇಧ ಕಾಯ್ದೆ ಮಾಡಿತು. ಅದರಲ್ಲಿ ಮದ್ಯ ಎಂಬ ಪದಕ್ಕೆ ಬಹಳ ಅಗಲವಾದ ವ್ಯಾಖ್ಯೆ ಇತ್ತು. ವೈನ್, ಬಿಯರ್, ಶೇಂದಿ ಮಾತ್ರವಲ್ಲ, ಆಲ್ಕೋಹಾಲ್ ಬೆರೆತ ಎಲ್ಲ ದ್ರವಗಳೂ ಮದ್ಯವೇ. ಹಾಗಾಗಿ ಔಷಧಿಯ ಟಾನಿಕ್ಕು, ಕೊಲೋನ್ ಸುಗಂಧ ಜಲ ಎಲ್ಲವೂ ಅದರೊಳಗೆ ಬಂದವು. ಸಂವಿಧಾನ ಜಾರಿಗೆ ಬಂದ ಕೆಲವೇ ತಿಂಗಳಲ್ಲಿ, 1950ರಲ್ಲಿ, ಬಲ್ಸಾರಾ ಎಂಬ ನಾಗರಿಕರು ಬಾಂಬೆ ಹೈಕೋರ್ಟಿಗೆ ಹೋದರು. ವಿಸ್ಕಿ, ಬ್ರಾಂದಿ, ವೈನ್, ಔಷಧೀಯ ವೈನ್, ಕೊಲೋನ್ ಇವನ್ನು ಇಟ್ಟುಕೊಳ್ಳುವ, ಬಳಸುವ, ಆಮದು ಮಾಡಿಕೊಳ್ಳುವ ಹಕ್ಕು ನನಗಿದೆ ಎಂದರು. ಹೈಕೋರ್ಟ್ ಕೆಲವು ಕಲಮುಗಳನ್ನು ಹೊಡೆದುಹಾಕಿತು, ಕೆಲವನ್ನು ಉಳಿಸಿತು. ಎರಡೂ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. 1951ರ ಮೇ 25ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಫಜಲ್ ಅಲಿ.

ಕಾಯ್ದೆ ಮಾಡಿದ್ದು ಸಂವಿಧಾನಕ್ಕೆ ಮುಂಚೆ. ಆದ್ದರಿಂದ ಅಧಿಕಾರದ ಪ್ರಶ್ನೆಗೆ ನ್ಯಾಯಾಲಯ ನೋಡಿದ್ದು 1935ರ ಭಾರತ ಸರ್ಕಾರ ಕಾಯ್ದೆಯ ಪಟ್ಟಿಗಳನ್ನು. ಅಲ್ಲಿಯೂ ಮದ್ಯ ಪ್ರಾಂತಕ್ಕೆ, ಆಮದು ಕೇಂದ್ರಕ್ಕೆ ಸೇರಿತ್ತು. ಬಲ್ಸಾರಾ ಪರವಾದ ವಾದ ಜಾಣತನದ್ದೇ. ಆಮದು ಎನ್ನುವುದು ಬಂದರಿನಲ್ಲಿ ಮುಗಿಯುವುದಿಲ್ಲ, ತರಿಸಿದ್ದನ್ನು ಮಾರುವ, ಇಟ್ಟುಕೊಳ್ಳುವ ಹಕ್ಕೂ ಅದರೊಳಗಿದೆ. ಆದ್ದರಿಂದ ಪ್ರಾಂತ ಕೇಂದ್ರದ ಹೊಲಕ್ಕೆ ನುಗ್ಗಿದೆ ಎಂದು ಅವರ ವಕೀಲರು ವಾದಿಸಿದರು. ಇದಕ್ಕೆ ಅಮೆರಿಕದ ತೀರ್ಪುಗಳ ಆಸರೆಯನ್ನೂ ಪಡೆದರು.

ನ್ಯಾಯಾಲಯ ಎರಡು ಹೆಜ್ಜೆ ಇಟ್ಟಿತು. ಮೊದಲನೆಯದು, ಪದಗಳನ್ನು ಒಂದಕ್ಕೊಂದು ಹೊಂದಿಸಿ ಓದುವುದು. ಇಟ್ಟುಕೊಳ್ಳುವುದು, ಮಾರುವುದು ಎಂಬ ಪದಗಳು ಪ್ರಾಂತದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಇವೆ. ಸರಕು ದೇಶದೊಳಗೆ ಬಂದ ನಂತರದ ಮಾರಾಟವನ್ನೂ ಆಮದು ಎಂಬ ಪದದೊಳಗೆ ತುರುಕಿದರೆ ಪ್ರಾಂತಕ್ಕೆ ಕೊಟ್ಟ ಮಾತುಗಳಿಗೆ ಬೆಲೆಯೇ ಇರುವುದಿಲ್ಲ. ಎರಡನೆಯದು, ತಿರುಳು ಹುಡುಕುವುದು. ಇಡೀ ಕಾಯ್ದೆಯನ್ನು ಕೈಗೆತ್ತಿಕೊಂಡು ಅದರ ಉದ್ದೇಶ, ವ್ಯಾಪ್ತಿ, ಪರಿಣಾಮ ನೋಡಿದರೆ ಅದು ಮದ್ಯದ ಬಗೆಗಿನ ಕಾನೂನು. ಆಮದಿನ ಮೇಲೆ ಅದರ ಪರಿಣಾಮ ಆದರೂ ಅದು ಪ್ರಾಸಂಗಿಕ. ಆದ್ದರಿಂದ ಕಾಯ್ದೆ ಮಾಡುವ ಅಧಿಕಾರ ಪ್ರಾಂತಕ್ಕಿತ್ತು.

ನನ್ನ ಕೆಲಸದ ಜಾಗದ ಉದಾಹರಣೆ ಕೊಡಬಹುದಾದರೆ, ಸಾಫ್ಟ್‌ವೇರಿನ ಒಂದು ದೋಷವನ್ನು ಯಾವ ತಂಡ ಸರಿಪಡಿಸಬೇಕು ಎಂದು ನಾವು ತೀರ್ಮಾನಿಸುವುದು ಅದರ ಬೇರು ಎಲ್ಲಿದೆ ಎಂದು ನೋಡಿ. ಸರಿಪಡಿಸುವಾಗ ಬೇರೆ ತಂಡದ ಎರಡು ಸಾಲು ಬದಲಾಗಬೇಕಾದೀತು. ಅಷ್ಟಕ್ಕೇ ಕೆಲಸ ಆ ತಂಡದ್ದಾಗುವುದಿಲ್ಲ. ಆದರೆ ನೂರಾರು ಸಾಲು ಅವರದೇ ಬದಲಾಗುವುದಾದರೆ, ಬೇರು ಎಲ್ಲಿದೆ ಎಂದು ಮತ್ತೆ ನೋಡಲೇಬೇಕು. ನ್ಯಾಯಾಲಯಗಳೂ ಹೀಗೇ ಹೇಳುತ್ತವೆ: ಅತಿಕ್ರಮಣ ಎಷ್ಟು ಎನ್ನುವುದು ಮುಖ್ಯವಾಗುವುದು, ಅದು ಕಾನೂನಿನ ನಿಜಸ್ವರೂಪವನ್ನು ತೋರಿಸಿಕೊಡುವ ಮಟ್ಟಿಗೆ.

ಈ ಅಳತೆಗೋಲು ಇಲ್ಲದಿದ್ದರೆ ಏನಾಗುತ್ತಿತ್ತು? 1947ರ ಖುಲ್ನಾ ಬ್ಯಾಂಕ್ ಮೊಕದ್ದಮೆ ನೋಡಿ. ಬಂಗಾಳ ಪ್ರಾಂತ 1940ರಲ್ಲಿ ಲೇವಾದೇವಿ ಕಾಯ್ದೆ ತಂದು, ಸಾಲಗಾರರಿಂದ ವಸೂಲಿ ಮಾಡಬಹುದಾದ ಅಸಲು-ಬಡ್ಡಿಗೆ ಮಿತಿ ಹಾಕಿತ್ತು. ಸಾಲ ಕೊಟ್ಟಿದ್ದು ಪ್ರಾಮಿಸರಿ ನೋಟಿನ ಮೇಲೆ, ಆ ನೋಟು ಕೇಂದ್ರದ ವಿಷಯ, ಆದ್ದರಿಂದ ಕಾಯ್ದೆ ನಮಗೆ ಅನ್ವಯಿಸದು ಎಂದಿತು ಬ್ಯಾಂಕು. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಕಾಯ್ದೆಯ ತಿರುಳು ಲೇವಾದೇವಿ. ನೋಟು ದಾರಿಯಲ್ಲಿ ಸಿಕ್ಕಿದ್ದು. ಬ್ಯಾಂಕಿನ ವಾದ ಗೆದ್ದಿದ್ದರೆ, ಬಡ್ಡಿಯ ಕಾಟ ತಪ್ಪಿಸಲು ಪ್ರಾಂತ ಏನೇ ಕಾನೂನು ತಂದರೂ ಸಾಲವನ್ನು ನೋಟಿನ ಮೇಲೆ ಬರೆಸಿಕೊಂಡರೆ ಸಾಕಾಗುತ್ತಿತ್ತು.

ಬಲ್ಸಾರಾ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನೀವು ಮನೆಗೆ ಒಯ್ಯಬೇಕಾದದ್ದು ಇನ್ನು ಮುಂದಿನ ಭಾಗ. ಕಾಯ್ದೆ ಮಾಡುವ ಅಧಿಕಾರ ಇದೆ ಎಂದಮೇಲೂ ಅದೇ ತೀರ್ಪು ಕಾಯ್ದೆಯ ಕೆಲವು ಕಲಮುಗಳನ್ನು ಕತ್ತರಿಸಿತು. ಆಲ್ಕೋಹಾಲ್ ಇರುವ ಔಷಧಿ, ಸುಗಂಧದ್ರವ್ಯಗಳನ್ನು ಇಟ್ಟುಕೊಳ್ಳುವುದು, ಕೊಳ್ಳುವುದು, ಬಳಸುವುದನ್ನು ತಡೆಯುವುದು ಆಸ್ತಿಯ ಹಕ್ಕಿನ ಮೇಲೆ ಅತಿಯಾದ ನಿರ್ಬಂಧ ಎಂದಿತು. ಆಗ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿತ್ತು. ಮದ್ಯವನ್ನು ಹೊಗಳಿ ಮಾತಾಡುವುದೇ ಅಪರಾಧ ಎನ್ನುವ ಭಾಗವೂ ಹೋಯಿತು. ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ. ಕೆಟ್ಟ ಭಾಗ ಬಿಡಿಸಿ ತೆಗೆಯಲು ಬರುವಂತಿದ್ದುದರಿಂದ ಉಳಿದ ಕಾಯ್ದೆ ಉಳಿಯಿತು. ಮಹಾರಾಷ್ಟ್ರದಲ್ಲಿ, ಗುಜರಾತಿನಲ್ಲಿ ಅದು ಇಂದಿಗೂ ಇದೆ. ಮುಂಬೈ, ಪುಣೆಯ ಮದ್ಯದ ಪರ್ಮಿಟ್ ಪದ್ಧತಿಗೆ ಮೂಲ ಅದೇ.

ಅಂದರೆ ಯಾವುದೇ ರಾಜ್ಯದ ಕಾನೂನಿನ ಮುಂದೆ ಎರಡು ಪ್ರಶ್ನೆಗಳಿವೆ. ಒಂದು, ಇದನ್ನು ಮಾಡುವ ಅಧಿಕಾರ ಇವರಿಗಿದೆಯೇ? ಎರಡು, ಅಧಿಕಾರವಿದ್ದರೂ ಹೀಗೆ ಮಾಡಬಹುದೇ? ತಿರುಳಿನ ಸಿದ್ಧಾಂತ ಉತ್ತರಿಸುವುದು ಮೊದಲನೆಯದನ್ನು ಮಾತ್ರ. ಸುದ್ದಿಯಲ್ಲಿ ‘ರಾಜ್ಯದ ಕಾಯ್ದೆಯನ್ನು ಕೋರ್ಟ್ ಎತ್ತಿಹಿಡಿಯಿತು’ ಎಂದು ಓದಿದಾಗ, ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಕೇಳಿಕೊಳ್ಳಿ. ಅಧಿಕಾರವಿರುವ ಸರ್ಕಾರ ಮಾಡಿದ ಕಾನೂನೂ ಅನ್ಯಾಯದ ಕಾನೂನಾಗಿರಬಹುದು.

ಈ ಸಿದ್ಧಾಂತಕ್ಕೆ ಇನ್ನೊಂದು ಮಿತಿಯೂ ಇದೆ. ಪಟ್ಟಿಯಲ್ಲಿರುವ ಪದದ ಅರ್ಥವೇ ಜಗಳದ ಮೂಲವಾದಾಗ ತಿರುಳು ಹುಡುಕಿದರೆ ಸಾಲದು. ಕಾರ್ಖಾನೆಯಲ್ಲಿ ಬಳಸುವ, ಕುಡಿಯಲಾಗದ ಕೈಗಾರಿಕಾ ಆಲ್ಕೋಹಾಲ್ ‘ಮಾದಕ ಮದ್ಯ’ವೇ? ಅಲ್ಲ ಎಂದು 1989ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ, ರಾಜ್ಯದ ಅಧಿಕಾರ ಕೈಗಾರಿಕಾ ಆಲ್ಕೋಹಾಲಿಗೂ ಚಾಚುತ್ತದೆ ಎಂದಿತು. ಎಂಟು ಮಂದಿ ಒಂದು ಕಡೆ. ಭಿನ್ನಮತ ಬರೆದ ಒಬ್ಬರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೈಗಾರಿಕಾ ಆಲ್ಕೋಹಾಲ್ ಮಾದಕ ಮದ್ಯದ ನಮೂದಿಗೆ ಸೇರದು ಎಂಬುದು ಅವರ ನಿಲುವು. ಅದೇ ನಮೂದು, ಅದೇ ಪದಗಳು. ಎಪ್ಪತ್ತು ವರ್ಷ ದಾಟಿದರೂ ಓದು ಮುಗಿದಿಲ್ಲ.

ನಾವು ಹುಟ್ಟಿದ್ದು ಒಂದು ರಾಜ್ಯ, ಬದುಕುತ್ತಿರುವುದು ಇನ್ನೊಂದು. ಊರಲ್ಲೊಂದು ನಿಯಮ, ಇಲ್ಲೊಂದು ನಿಯಮ ಏಕೆ ಎಂದು ನಮ್ಮ ಮನೆಗಳಲ್ಲಿ ಮಕ್ಕಳು ಕೇಳುತ್ತಲೇ ಇರುತ್ತಾರೆ. ಮುಂದಿನ ಸಲ ಕೇಳಿದರೆ ಏಳನೆಯ ಅನುಸೂಚಿ ತೆಗೆದು, ಆ ವಿಷಯ ಯಾವ ಪಟ್ಟಿಯಲ್ಲಿದೆ ಎಂದು ಅವರೊಡನೆ ಕೂತು ಹುಡುಕಿ. ಎರಡು ಪಟ್ಟಿಯಲ್ಲೂ ಸಿಕ್ಕರೆ, ತಿರುಳು ಎಲ್ಲಿದೆ ಎಂದು ಅವರನ್ನೇ ಕೇಳಿ.