ನವಲಗುಂದದ ನೀರಿನ ಕೀಲಿ ಯಾರ ಕೈಯಲ್ಲಿ?

ನವಲಗುಂದದ ಧರಣಿ ಪೆಂಡಾಲ್‌ನಲ್ಲಿ ಒಬ್ಬ ಹಿರಿಯ ರೈತರು ನನ್ನನ್ನು ಹಿಡಿದು ಕೇಳಿದ್ರು: "ಬೆಂಗಳೂರಿಗೆ ಕೇಳಿದ್ರ ದಿಲ್ಲಿ ಅಂತಾರ, ದಿಲ್ಲಿಗೆ ಕೇಳಿದ್ರ ಕೋರ್ಟ್ ಅಂತಾರ. ಕೀಲಿ ಯಾರ ಕೈಯಾಗೈತ್ರಿ?"

1980ರಲ್ಲಿ ಈ ಗೊಂದಲ ಇರಲಿಲ್ಲ. ಮಲಪ್ರಭಾ ಕಾಲುವೆ ಬಂದ ಹೊಲಗಳ ಮೇಲೆ ರಾಜ್ಯ ಸರ್ಕಾರ ಅಭಿವೃದ್ಧಿ ಕರ ಹಾಕಿತ್ತು. ರೈತರು ಸಿಡಿದೆದ್ದರು, ಜುಲೈ 21ರಂದು ಗೋಲಿಬಾರ್ ಆಯ್ತು. ಕರ ಹಾಕಿದವರು ಯಾರು, ತೆಗೆಯಬೇಕಾದವರು ಯಾರು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಮಹದಾಯಿ ಹಾಗಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರದ್ದೂ ಸೇರಿದ ಸಮವರ್ತಿ ಪಟ್ಟಿ. ನೀರು, ಕಾಲುವೆ ಎಲ್ಲ ರಾಜ್ಯ ಪಟ್ಟಿಯ 17ನೇ ನಮೂದಿನಲ್ಲಿವೆ. ಆದರೆ ಅದಕ್ಕೊಂದು ಷರತ್ತಿದೆ, ಕೇಂದ್ರ ಪಟ್ಟಿಯ 56ನೇ ನಮೂದು. ನದಿ ಗಡಿ ದಾಟಿದರೆ ಅದರ ನಿಯಂತ್ರಣಕ್ಕೆ ಸಂಸತ್ತು ಕಾನೂನು ಮಾಡಬಹುದು. ಇನ್ನು ಜಗಳವೇ ಬಂದರೆ 262ನೇ ವಿಧಿಯಂತೆ ನ್ಯಾಯಮಂಡಳಿ. ಮಹದಾಯಿ ಖಾನಾಪುರದ ಕಾಡಲ್ಲಿ ಹುಟ್ಟಿ ಗೋವಾಕ್ಕೆ ಹೋಗ್ತಾಳೆ, ಅಲ್ಲಿ ಅವಳ ಹೆಸರು ಮಾಂಡೋವಿ. ಅಲ್ಲಿಗೆ ನಮ್ಮ ವಿಧಾನಸೌಧದ ಮಾತು ಮುಗೀತು.

2002ರ ಏಪ್ರಿಲ್‌ನಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವಾ ತಕರಾರು ತೆಗೆಯಿತು, ಅದೇ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ತಡೆಹಿಡಿಯಲ್ಪಟ್ಟಿತು. 2010ರಲ್ಲಿ ನ್ಯಾಯಮಂಡಳಿ ಬಂತು, 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42 ಟಿಎಂಸಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಅದರಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ಬರೋದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಮಾತ್ರ. ಅದೂ ಕುಡಿಯೋಕೆ. ಹೊಲಕ್ಕೆ ನೀರು ಬಂತು ಅಂತ ಪೇಡಾ ಹಂಚಿದ ನಾಯಕರು ಈ ಮಾತನ್ನ ಹೇಳಿದ್ದು ನನಗೆ ನೆನಪಿಲ್ಲ.

ತೀರ್ಪು ಬಂದರೂ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಅದನ್ನು ಮಾಡಬೇಕಾದ್ದು ಕೇಂದ್ರ. ಆಗಿದ್ದು 2020ರ ಫೆಬ್ರವರಿಯಲ್ಲಿ. ಆಮೇಲೆ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ. ಇನ್ನೇನು ಗುದ್ದಲಿ ಹಾಕೋದೇ ಅಂದ್ಕೊಂಡ್ರೆ ಕಾಡು ಅಡ್ಡ ಬಂತು. ಅರಣ್ಯ ಮತ್ತು ವನ್ಯಜೀವಿ ಮೊದಲು ರಾಜ್ಯದ ವಿಷಯವೇ ಆಗಿದ್ದವು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ಸಾಗಿಸಿತು. ಆಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಹಾಗಾಗಿ ನಮ್ಮದೇ ಕಾಡಿನಲ್ಲಿ ಪೈಪು ಹಾಕೋಕೂ ದಿಲ್ಲಿಯ ಅನುಮತಿ ಬೇಕು. ಕಾಡು ಉಳಿಯಬೇಕು ಅನ್ನೋರ ವಾದವನ್ನು ನಾನು ತಳ್ಳಿ ಹಾಕ್ತಿಲ್ಲ. ಆ ಕಾಡು ಇಲ್ಲದಿದ್ದರೆ ಮಲಪ್ರಭೆಯೂ ಇಲ್ಲ.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: ಯಜಮಾನ್ರೇ, ಕೀಲಿ ಒಂದಲ್ಲ, ಮೂರದಾವು. ನೀರಿನ ಪಾಲಿನ ಕೀಲಿ ನ್ಯಾಯಮಂಡಳಿ ತೆಗೆದದ. ಕಾಡಿನದು ದಿಲ್ಲಿಯ ಕೈಯಾಗೈತಿ. ರೊಕ್ಕ, ಟೆಂಡರ್, ಕಾಮಗಾರಿಯದು ಬೆಂಗಳೂರಿನ ಕೈಯಾಗ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, "ಹಂಗಾರ ಎರಡ್ ಪೆಂಡಾಲ್ ಹಾಕಬೇಕೇನ್ರಿ?"