ತಬರನಿಂದ ಹೊರಟು ‘ಸಂಸ್ಕಾರ’ದವರೆಗೆ



ಎಪ್ಪತ್ತು-ಎಂಬತ್ತರ ದಶಕಗಳ ಕನ್ನಡದ ಹೊಸ ಅಲೆಯ ಚಿತ್ರಗಳನ್ನು ನೋಡಹೊರಟವರು ಸಾಮಾನ್ಯವಾಗಿ 1970ರ ‘ಸಂಸ್ಕಾರ’ದಿಂದ ತೊಡಗುತ್ತಾರೆ. ಕಾಲಕ್ರಮದಿಂದ ಅದು ಸರಿ. ಆದರೆ ಅಗ್ರಹಾರದ ಧರ್ಮಸೂಕ್ಷ್ಮದಲ್ಲಿ ಸಿಕ್ಕಿಬಿದ್ದು, “ಇದು ಓದಿದವರ ಸಿನಿಮಾ, ನಮ್ಮದಲ್ಲ” ಎಂದು ಅರ್ಧಕ್ಕೇ ಎದ್ದುಹೋಗುವವರೂ ಉಂಟು. ಆದುದರಿಂದ ಹತ್ತಿರದಿಂದ ದೂರಕ್ಕೆ ನಡೆಯೋಣವೆಂಬುದು ನಮ್ಮ ಸಲಹೆ.

ಮೊದಲು ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರ 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ತಬರಶೆಟ್ಟಿ ಬ್ರಿಟಿಷರ ಕಾಲದಿಂದ ನಿಷ್ಠೆಯಿಂದ ದುಡಿದ ಸಣ್ಣ ನೌಕರ. ತೆರಿಗೆ ವಸೂಲಿಯ ಕೆಲಸ ಅವನ ಪಾಲಿಗೆ ಬರುತ್ತದೆ. ವಸೂಲಾಗದ ಬಾಕಿ ಅವನ ತಲೆಗೇ ಬೀಳುತ್ತದೆ. ನಿವೃತ್ತನಾದ ಮೇಲೆ ಪಿಂಚಣಿ ಕೈಗೆ ಬಾರದು. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಚಿಕಿತ್ಸೆಗೆ ಹಣವಿಲ್ಲದ ಆ ಮುದುಕ, ಅವಳ ಕಾಲು ಕತ್ತರಿಸಿಕೊಡೆಂದು ಕಟುಕನನ್ನೇ ಬೇಡುತ್ತಾನೆ.

ಇಲ್ಲಿ ಮೀಸೆ ತಿರುವುವ ಖಳನಾಯಕನಿಲ್ಲ. ಒಂದು ಮೇಜು ಇನ್ನೊಂದು ಮೇಜನ್ನು ತೋರಿಸುತ್ತದೆ, ಅಷ್ಟೇ. ಚಿತ್ರ ನಿಧಾನವೆಂದು ಬೇಸರವಾದರೆ ಇದನ್ನು ನೆನೆಯಿರಿ: ಕಾಯಿಸುವುದೇ ಇಲ್ಲಿ ಹಿಂಸೆ. ‘ಮುಂದೇನು?’ ಎಂದು ಕೇಳುವುದನ್ನು ಬಿಟ್ಟು ‘ಇವನನ್ನು ಯಾರು ತಡೆದರು?’ ಎಂದು ಕೇಳಲು ತೊಡಗಿದಾಗ, ಈ ಬಗೆಯ ಚಿತ್ರ ನೋಡುವುದು ನಿಮಗೆ ಬಂದಿತೆಂದೇ ತಿಳಿಯಿರಿ.

ಅದೇ ಪ್ರಶ್ನೆಯನ್ನು ಹಿಡಿದು 1975ರ ‘ಚೋಮನ ದುಡಿ’ಗೆ ಬನ್ನಿ. ಶಿವರಾಮ ಕಾರಂತರ ಕಾದಂಬರಿ, ಬಿ. ವಿ. ಕಾರಂತರ ನಿರ್ದೇಶನ, ಚೋಮನಾಗಿ ಎಂ. ವಿ. ವಾಸುದೇವರಾವ್. ಚೋಮನ ಬಳಿ ಎತ್ತುಗಳುಂಟು, ಉಳುವ ಆಸೆಯುಂಟು; ಭೂಮಿ ಮಾತ್ರ ಸಿಗದು. ಅವನನ್ನು ತಡೆಯುವುದು ಕಡತವಲ್ಲ, ಜಾತಿ. ಅದರ ಜೊತೆಗೆ ತೀರದ ಸಾಲ. ಆ ಸಾಲಕ್ಕಾಗಿ ಮಕ್ಕಳು ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಬಾಯಿಬಿಟ್ಟು ಹೇಳಲಾಗದ ಸಿಟ್ಟನ್ನು ಚೋಮ ದುಡಿಯ ಮೇಲೆ ಬಡಿಯುತ್ತಾನೆ. ಆ ಬಡಿತವನ್ನು ಹಿನ್ನೆಲೆ ಸಂಗೀತವೆಂದು ಕೇಳಬೇಡಿ, ಅವನ ಮಾತೆಂದು ಕೇಳಿ.

ಆಮೇಲೆ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’. ಗರ್ಭಿಣಿಯಾದ ವಿಧವೆ ಯಮುನೆಗೆ ಅವಳು ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕುವುದನ್ನು ಒಬ್ಬ ಬಾಲಕನ ಕಣ್ಣಿನಿಂದ ಕಾಣುತ್ತೇವೆ. ಕೊನೆಗೆ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸುಡುವವರಿಲ್ಲ. ತಬರನ ಪಿಂಚಣಿಯನ್ನು ಕಂಡವರಿಗೆ ಇದು ಪರಕೀಯವಲ್ಲ: ನಿಯಮ ಹುಡುಕುತ್ತಾ ಕುಳಿತವರ ನಡುವೆ ಹೆಣ ಕಾಯುತ್ತಿದೆ.

ಒಂದು ಕೊರತೆಯನ್ನೂ ಹೇಳಬೇಕು. ತಬರ ಒಂಟಿ, ಚೋಮ ಒಂಟಿ, ಯಮುನೆ ಒಂಟಿ. ಜೊತೆಗೂಡಿ ನಿಂತವರನ್ನು ಈ ನಾಲ್ಕು ಚಿತ್ರಗಳಲ್ಲಿ ಹುಡುಕಿದರೆ ನಿರಾಶೆಯಾದೀತು. ತಡೆದವರು ಯಾರೆಂದು ಅವು ತೋರಿಸುತ್ತವೆ. ದಾಟುವ ದಾರಿಯನ್ನು ನೋಡಿದವರೇ ಮಾತಾಡಿಕೊಳ್ಳಬೇಕು.